ಮೆಂಬರ್ ಅಕ್ಕನ ನೀರಿನ ವಿಡಿಯೋಗೆ ಮಾತು ಬರೆದದ್ದು

ಆಳಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಾನು ಮೇಲ್ವಿಚಾರಕ. ಪುಸ್ತಕ, ಪೇಪರ್, ಸಂಜೆ ಬರುವ ಮಕ್ಕಳು, ಇಷ್ಟೇ ನನ್ನ ಕೆಲಸ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಆದರೆ ಊರಿನಲ್ಲಿ ಯಾರಿಗಾದರೂ ನಾಲ್ಕು ಸಾಲು ಬರೆಸಬೇಕಾದರೆ ನನ್ನ ಹತ್ತಿರವೇ ಬರುತ್ತಾರೆ. ಹೋದ ಬೇಸಿಗೆಯಲ್ಲಿ ಹಾಗೆ ಬಂದವರು ನಮ್ಮ ವಾರ್ಡಿನ ಮೆಂಬರ್ ಅಕ್ಕ. ನೀರು ಉಳಿಸುವ ಕೆಲಸ ಶುರು ಮಾಡಬೇಕು, ಅದಕ್ಕೆ ಮೊದಲು ಒಂದು ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಅದರಲ್ಲಿ ತಾನು ಮಾತಾಡಬೇಕು ಅಂತ. ಕೈಯಲ್ಲಿ ಯಾರೋ ಕೊಟ್ಟ ಒಂದು ಟೈಪ್ ಮಾಡಿದ ಭಾಷಣ ಇತ್ತು.

ಅದನ್ನು ಓದಿ ನೋಡಿದೆ. ನೀರು ಅಮೂಲ್ಯ, ನೀರೇ ಜೀವ, ಮುಂದಿನ ಪೀಳಿಗೆಗೆ ಉಳಿಸೋಣ. ಎರಡು ಪುಟ ತುಂಬ ಇದೇ. ಯಾವ ಊರಿನಲ್ಲಿ ಬೇಕಾದರೂ, ಯಾವ ವರ್ಷ ಬೇಕಾದರೂ ಓದಬಹುದಿತ್ತು. ಕೇಳಿದವನು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನೋದು ಎಲ್ಲೂ ಇರಲಿಲ್ಲ. ಅಕ್ಕ ಒಂದು ಸಾಲು ಜೋರಾಗಿ ಓದಿ ನಿಲ್ಲಿಸಿದರು. "ತಮ್ಮಾ, ಇದು ನನ್ನ ಬಾಯಾಗ ಬರಂಗಿಲ್ಲ. ನಾ ಹಿಂಗ ಮಾತಾಡಿದ್ರ ನಮ್ಮ ಓಣಿ ಮಂದಿ ನಗ್ತಾರ" ಅಂದರು.

ಆ ಹಾಳೆ ಬದಿಗಿಟ್ಟು, ಅಕ್ಕನಿಗೆ ನೀರಿನ ಬಗ್ಗೆ ನಿಜವಾಗಿ ಏನು ಸಿಟ್ಟು ಇದೆ ಅಂತ ಕೇಳಿದೆ. ಮೊಬೈಲ್‌ನಲ್ಲಿ ರೆಕಾರ್ಡ್ ಹಾಕಿಟ್ಟೆ, ಅವರಿಗೆ ಹೇಳಿಯೇ. ತಡ ಮಾಡದೆ ಶುರು ಮಾಡಿದರು. ಗುಡಿ ಮುಂದಿನ ನಳಕ್ಕೆ ಟ್ಯಾಪ್ ಇಲ್ಲ, ನೀರು ಬಿಟ್ಟಷ್ಟು ಹೊತ್ತೂ ಹರಿಯುತ್ತೆ. ಬಚ್ಚಲು ನೀರು ರಸ್ತೆಗೇ ಬರುತ್ತೆ, ರಾಡಿ ಆಗಿ ಮಕ್ಕಳು ಜಾರಿ ಬೀಳ್ತಾರೆ. ತಾಂಡಾದ ಕಡೇ ಮನೆಯವರು ದಿನಾ ತನ್ನ ಮನೆ ಬಾಗಿಲಿಗೆ ಬಂದು ನೀರಿಲ್ಲ ಅಂತ ಜಗಳ ಆಡ್ತಾರೆ. ಕೆರೆ ಹೂಳು, ಗಿಡ ನೆಡೋದು, ಮಾಳಿಗೆ ಮೇಲಿನ ಮಳೆ ನೀರು, ಇವೂ ಬಂದವು. ಕೇಳುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಕಂಡಿತು. ಕೆರೆ, ಗಿಡ ಅಂದಾಗ ಅಕ್ಕನ ದನಿ ಆ ಹಾಳೆಯ ದನಿಯೇ ಆಗುತ್ತಿತ್ತು. ನಳ ಮತ್ತು ರಾಡಿ ಅಂದಾಗ ಮಾತ್ರ ಅವರದೇ ಮಾತು ಬರುತ್ತಿತ್ತು. ಅದಕ್ಕೇ ವಿಡಿಯೋದಲ್ಲಿ ಎರಡೇ ವಿಷಯ ಇಡೋಣ ಅಂದೆ. ನಳಕ್ಕೆ ಟ್ಯಾಪ್, ಮನೆಗೊಂದು ಬಚ್ಚಲು ಗುಂಡಿ. ಮಳೆ ನೀರಿನದು ಬೇರೆ ವಿಡಿಯೋ ಮಾಡೋಣ. ಅಕ್ಕನಿಗೆ ಮೊದಲು ಸಮಾಧಾನ ಆಗಲಿಲ್ಲ, ಕೆರೆ ಬಿಟ್ಟರೆ ಊರಿನ ಹಿರಿಯರು ಏನಂತಾರೋ ಅಂತ. ಆದರೆ ಎರಡೂವರೆ ನಿಮಿಷದ ಮಾತಿನಲ್ಲಿ ಜನ ಎರಡು ಕೆಲಸ ನೆನಪಿಟ್ಟುಕೊಂಡರೆ ಅದೇ ಜಾಸ್ತಿ, ಅಲ್ವಾ?

ಟ್ಯಾಪ್ ಇಲ್ಲದ ನಳದಿಂದ ನೀರು ಪೋಲಾಗುತ್ತೆ ಅಂತ ಹೇಳಿದರೆ ಯಾರೂ ಇಲ್ಲ ಅನ್ನಲ್ಲ, ಯಾರೂ ಎದ್ದು ಹೋಗಿ ಟ್ಯಾಪ್ ಕೂಡ ಹಾಕಲ್ಲ. ಎಷ್ಟು ಪೋಲು, ಯಾರ ನೀರು ಪೋಲು ಅನ್ನೋದು ಗೊತ್ತಾಗಬೇಕು. ಅದನ್ನು ಅಂದಾಜಿನಲ್ಲಿ ಬರೆಯೋಕೆ ನನಗೆ ಮನಸ್ಸಿರಲಿಲ್ಲ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಅಕ್ಕ, ನಾನು, ವಾಟರ್‌ಮನ್ ಮೂವರೂ ಒಂದು ಲೀಟರಿನ ಬಾಟಲಿ ಹಿಡಿದು ಗುಡಿ ಮುಂದೆ ಹೋದೆವು. ಬಾಟಲಿ ನಳದ ಕೆಳಗೆ ಹಿಡಿದರೆ ಹತ್ತು ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 6 ಲೀಟರ್. ನಮ್ಮಲ್ಲಿ ಬೆಳಿಗ್ಗೆ ಒಂದು ತಾಸು ನೀರು ಬಿಡುತ್ತಾರೆ, ಆ ಲೆಕ್ಕಕ್ಕೆ 360 ಲೀಟರ್. ಆದರೆ ಲೀಟರ್ ಅಂದರೆ ಊರಿನಲ್ಲಿ ಹಾಲಿನ ಲೆಕ್ಕ, ನೀರಿನ ಲೆಕ್ಕ ಕೊಡದಲ್ಲೇ. ಕೊಡಗಳೂ ಎಲ್ಲಾ ಒಂದೇ ಸೈಜಿನವಲ್ಲ. ಅದಕ್ಕೆ ಅಲ್ಲಿದ್ದ ಪ್ಲಾಸ್ಟಿಕ್ ಕೊಡಕ್ಕೆ ಬಾಟಲಿಯಿಂದಲೇ ಸುರಿದು ನೋಡಿದೆವು, 15 ಲೀಟರ್ ಹಿಡಿಯಿತು. ತಾಸಿಗೆ 24 ಕೊಡ.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಪೋಲಿನ ಲೆಕ್ಕ ಆಗುತ್ತಿತ್ತು. ವಾಟರ್‌ಮನ್ ಇನ್ನೊಂದು ಮಾತು ಹೇಳಿದರು. ಗುಡಿ ಮುಂದಿನ ನಳ ಟ್ಯಾಂಕಿಗೆ ಹತ್ತಿರ, ಪೈಪಿನ ಶುರುವಿನಲ್ಲೇ ಇದೆ. ಅಲ್ಲಿ ಬಾಯಿ ತೆರೆದಿದ್ದರೆ ಮುಂದೆ ಒತ್ತಡವೇ ಇರಲ್ಲ. ಹಾಗಾದರೆ ಅದನ್ನೂ ನೋಡೇ ಬಿಡೋಣ ಅಂತ ಅದೇ ಬಾಟಲಿ ತಗೊಂಡು ತಾಂಡಾದ ಕಡೇ ಮನೆಗೆ ಹೋದೆವು. ಅಲ್ಲಿ ಬಾಟಲಿ ತುಂಬೋಕೆ 50 ಸೆಕೆಂಡ್ ಹಿಡಿಯಿತು. ಒಂದು ಕೊಡಕ್ಕೆ ಹನ್ನೆರಡು ನಿಮಿಷಕ್ಕಿಂತ ಜಾಸ್ತಿ. ತಾಸು ಮುಗಿಯೋದರೊಳಗೆ ಆ ಮನೆಗೆ ಐದು ಕೊಡವೂ ಸಿಗಲ್ಲ. ಆಮೇಲೆ ವಾಟರ್‌ಮನ್ ವಾಪಸ್ ಓಡಿ ಹೋಗಿ ಗುಡಿ ನಳಕ್ಕೂ ಆ ದಾರಿಯಲ್ಲಿ ತೆರೆದಿದ್ದ ಬೇರೆ ನಳಗಳಿಗೂ ಬಟ್ಟೆ ಸುತ್ತಿದ ಕಟ್ಟಿಗೆ ಬಡಿದು ಬಂದ್ ಮಾಡಿ ಫೋನ್ ಮಾಡಿದರು. ಕಡೇ ಮನೆಯಲ್ಲಿ ಮತ್ತೆ ಬಾಟಲಿ ಹಿಡಿದೆವು. ಈಗ 30 ಸೆಕೆಂಡ್. ಆ ಮನೆಯ ಅವ್ವ ಬಾಟಲಿ ನೋಡಲಿಲ್ಲ, ನಳದ ಧಾರೆ ನೋಡಿ "ಏನ್ ಮಾಡಿದ್ರಿ?" ಅಂತ ಕೇಳಿದರು.

ಹೀಗೆ ಅಳೆಯುವಾಗ ಒಂದು ಎಚ್ಚರ ಬೇಕು. ಟ್ಯಾಂಕ್ ತುಂಬಿದ್ದಾಗ ಒತ್ತಡ ಜಾಸ್ತಿ, ಖಾಲಿ ಆಗುತ್ತಾ ಬಂದ ಹಾಗೆ ಕಮ್ಮಿ. ಒಂದು ದಿನ ತೆರೆದು ಅಳೆದು ಇನ್ನೊಂದು ದಿನ ಮುಚ್ಚಿ ಅಳೆದರೆ ವ್ಯತ್ಯಾಸ ನಳದಿಂದ ಬಂತೋ ಟ್ಯಾಂಕಿನಿಂದ ಬಂತೋ ಗೊತ್ತಾಗಲ್ಲ. ನಾವು ಅದೇ ಬೆಳಿಗ್ಗೆ, ಕೆಲವೇ ನಿಮಿಷದ ಅಂತರದಲ್ಲಿ, ಮೊದಲು ತೆರೆದು ಆಮೇಲೆ ಮುಚ್ಚಿ ಅಳೆದೆವು. ಟ್ಯಾಂಕ್ ಇಳಿಯುತ್ತಿದ್ದರೂ ಧಾರೆ ಹೆಚ್ಚಾಯಿತು, ಅದಕ್ಕೇ ಅದು ನಂಬುವ ಲೆಕ್ಕ. ಯಾರಾದರೂ ಸುಳ್ಳು ಅಂದರೆ ಬಾಟಲಿ ಕೊಟ್ಟು ನೀವೇ ಹಿಡಿದು ನೋಡ್ರಿ ಅನ್ನಬಹುದು. ಭಾಷಣದಲ್ಲಿ ಇಂಥ ಒಂದು ಅಳತೆ ಇದ್ದರೆ ಮಾತಾಡುವವರಿಗೂ ಧೈರ್ಯ ಬರುತ್ತೆ. ಅಕ್ಕನ ಮುಖದಲ್ಲಿ ನಾನು ಅದನ್ನು ನೋಡಿದೆ.

ಗುಂಡಿಯ ವಿಷಯ ಇಷ್ಟು ಸುಲಭ ಇರಲಿಲ್ಲ. ನಮ್ಮದು ಎರೆ ಭೂಮಿ. ತೊಗರಿಗೆ ಒಳ್ಳೇದು, ಗುಂಡಿಗೆ ಕೆಟ್ಟದ್ದು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತೆ, ಉಬ್ಬಿದ ಮೇಲೆ ನೀರು ಕೆಳಗೆ ಬಿಡಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುವಾಗ ಒಂದು ಬಕೆಟ್ ಹಾಕಿದರೆ ಗಟಗಟ ಇಳಿಯುತ್ತೆ, ಅದನ್ನು ನೋಡಿ ಮೋಸ ಹೋಗಬಾರದು. ಈ ಹಿಂದೆ ತೋಡಿದ ಕೆಲವು ಗುಂಡಿಗಳು ಮಳೆಗಾಲದಲ್ಲಿ ತುಂಬಿ ನಿಂತು ಸೊಳ್ಳೆಯ ಗೂಡಾಗಿದ್ದವು. ಅದನ್ನು ಕಂಡವರಿಗೆ ಮತ್ತೆ ಗುಂಡಿ ತೋಡ್ರಿ ಅಂತ ಹೇಗೆ ಹೇಳೋದು?

ಹೀಗಾಗಿ ಭಾಷಣ ಬರೆಯುವ ಮೊದಲು ಅಕ್ಕನ ಮನೆ ಹಿಂದೆಯೇ ಒಂದು ಗುಂಡಿ ತೋಡಿಸಿದೆವು. ಮೂರಡಿ ಉದ್ದ, ಮೂರಡಿ ಅಗಲ. ಆಳಕ್ಕೆ ಮಾತ್ರ ಅಡಿ ಲೆಕ್ಕ ಇಡಲಿಲ್ಲ, ಎರೆ ದಾಟಿ ಮುರಂ ಸಿಗುವ ತನಕ ಅಂತ ಹೇಳಿದೆವು. ಮೂರಡಿಯ ಹತ್ತಿರ ಕಪ್ಪು ಮಣ್ಣು ಮುಗಿದು ಕಂದು ಬಣ್ಣದ ಮುರಂ ಬಂತು, ಸಲಿಕೆಯ ಶಬ್ದವೇ ಬದಲಾಯಿತು. ಅದರೊಳಗೆ ಇನ್ನೊಂದು ಅಡಿ ಇಳಿದು ನಿಲ್ಲಿಸಿದರು. ಕಲ್ಲು ತುಂಬುವ ಮೊದಲು ಅರ್ಧ ಗುಂಡಿ ನೀರು ಹಾಕಿ ನೆನೆಯಲು ಬಿಟ್ಟು, ಮಾರನೇ ದಿನ ಮತ್ತೆ ಹಾಕಿ ಕಡ್ಡಿಯಿಂದ ಗುರುತು ಮಾಡಿ ನೋಡಿದೆವು. ಮೊದಲ ದಿನದ ನೀರನ್ನು ಒಣ ಮಣ್ಣು ಹೀರುತ್ತೆ, ಎರಡನೇ ದಿನದ್ದು ನಿಜವಾದ ಪರೀಕ್ಷೆ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಇಂಗಿತ್ತು. ಅದೇ ಸಾಲಿನ ಇನ್ನೊಂದು ಮನೆಯಲ್ಲಿ ಐದಡಿ ಹೋದರೂ ಕಪ್ಪು ಮಣ್ಣೇ, ನೀರು ಮಾರನೇ ದಿನವೂ ಹಾಗೇ ನಿಂತಿತ್ತು. ಆ ಮನೆಯವರಿಗೆ ಗುಂಡಿ ಬೇಡ, ಮುಚ್ಚಿಬಿಡ್ರಿ ಅಂದೆವು. ಬಚ್ಚಲು ನೀರನ್ನು ಒಂದು ಕಾಲುವೆ ಮಾಡಿ ಹಿತ್ತಲಿನ ನುಗ್ಗೆ ಗಿಡಕ್ಕೂ ಬಾಳೆಗೂ ಬಿಡೋದೇ ಅವರಿಗೆ ಸರಿ.

ಇನ್ನೊಂದು ಗಡಿ ಹಾಕಬೇಕಿತ್ತು. ಕುಡಿಯುವ ನೀರಿನ ಬೋರ್ ಅಥವಾ ಬಾವಿಯ ಪಕ್ಕ ಗುಂಡಿ ಬೇಡ. ಕಕ್ಕಸಿನ ನೀರು ಆ ಗುಂಡಿಗೆ ಬಿಡಲೇಬಾರದು. ಇದು ಚಿತ್ತಾಪುರ, ಸೇಡಂ ಕಡೆಯವರು ಇನ್ನೂ ಜಾಸ್ತಿ ಗಮನಿಸಬೇಕು, ಅಲ್ಲಿ ಕೆಳಗೆ ಸುಣ್ಣಕಲ್ಲಿನ ಪದರ ಇರುತ್ತೆ, ಅದರ ಸಂದಿಯಲ್ಲಿ ಹೊಕ್ಕ ಗಲೀಜು ನೀರು ಸೋಸದೇ ದೂರ ಹೋಗಿಬಿಡುತ್ತೆ.

ಇದಿಷ್ಟು ಕೈಗೆ ಬಂದ ಮೇಲೆ ಬರೆಯೋಕೆ ಕೂತೆ. ರೆಕಾರ್ಡ್ ಕೇಳುತ್ತಾ ಅಕ್ಕನ ಸಾಲುಗಳನ್ನೇ ತಗೊಂಡೆ. ಅವರು ಉಸಿರು ತಗೊಳ್ಳುವ ಕಡೆ ಸಾಲು ಮುರಿದೆ. ವಿಡಿಯೋ ನೋಡದೇ ಕೇಳುವವರೂ ಇರುತ್ತಾರೆ ಅನ್ನೋದು ತಲೆಯಲ್ಲಿತ್ತು, ಯಾಕೆಂದರೆ ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿಯ ಮೈಕಿನಲ್ಲೂ ಇದನ್ನೇ ಹಾಕಬೇಕಿತ್ತು. "ಇಲ್ಲಿ ನೋಡ್ರಿ" ಅಂದರೆ ಗಾಡಿಯ ಹಿಂದೆ ಕಸ ಹಾಕೋಕೆ ಬಂದವರು ಏನನ್ನು ನೋಡಬೇಕು? ಎಲ್ಲಿ ನಿಂತಿದ್ದೀನಿ, ಏನು ಕಾಣುತ್ತಿದೆ ಅನ್ನೋದನ್ನು ಬಾಯಲ್ಲೇ ಹೇಳಿಸಿದೆ. ತಾರೀಖು ಹಾಕುವ ಬದಲು ಮಿರಗ ಮಳೆ ಅಂತ ಬರೆದೆ. ಬಿತ್ತನೆ ಶುರುವಾದರೆ ಗುಂಡಿ ತೋಡೋಕೆ ಕೈ ಸಿಗಲ್ಲ, ಹಸಿ ಎರೆಯನ್ನು ಸಲಿಕೆಯಲ್ಲಿ ಎತ್ತೋಕೂ ಆಗಲ್ಲ. ಇದು ರೈತರಿಗೆ ಹೇಳಿಕೊಡುವ ವಿಷಯವೇ ಅಲ್ಲ.

ಕೊನೆಗೆ ನಿಂತ ಮಾತು ಇದು, ಮೂರು ಜಾಗಕ್ಕೆ ಮೂರು ತುಂಡು.

ಮೊದಲನೇದು, ಗುಡಿ ಮುಂದೆ:

"ನಮಸ್ಕಾರ್ರಿ ಎಲ್ಲರಿಗೂ. ನಾ ನಿಮ್ಮ ವಾರ್ಡಿನ ಮೆಂಬರ್ ಮಾತಾಡ್ಲಿಕತ್ತೀನಿ. ಈಗ ಹನುಮಪ್ಪನ ಗುಡಿ ಮುಂದಿನ ನಳದ ಹತ್ರ ನಿಂತೀನಿ. ಈ ನಳಕ್ಕ ಟ್ಯಾಪ್ ಇಲ್ಲ. ನಾವು ಲೀಟರ್ ಬಾಟ್ಲಿ ಹಿಡಿದು ನೋಡೀವಿ, ಹತ್ತು ಎಣಿಸೋದ್ರಾಗ ತುಂಬ್ತು. ತಾಸಿಗೆ ಇಪ್ಪತ್ನಾಲ್ಕು ಕೊಡ. ಅದ್ರಾಗ ಅರ್ಧ ನಾವು ತುಂಬ್ಕೋತೀವಿ ಅಂತ ಇಟ್ಕೋರಿ. ಉಳಿದ ಹನ್ನೆರಡು ಕೊಡ ರಾಡಿಗೆ ಹೋಗ್ತದ. ಅದೇ ಹೊತ್ತಿಗೆ ತಾಂಡಾದ ಕಡೀ ಮನ್ಯಾಗ ಒಂದು ಕೊಡ ತುಂಬ್ಲಿಕ್ಕ ಹನ್ನೆರಡು ನಿಮಿಷದ ಮ್ಯಾಲ ಬೇಕು. ಈ ದಾರ್ಯಾಗಿನ ನಳ ಬಂದ್ ಮಾಡಿದ್ವಿ. ಏಳೂವರಿ ನಿಮಿಷಕ್ಕ ತುಂಬೋ ಹಂಗ ಆತು. ಹೊಸಾ ಬೋರ್ ಹಾಕಿಲ್ಲ, ಹೊಸಾ ಪೈಪ್ ಹಾಕಿಲ್ಲ. ಇಲ್ಲಿ ಬಂದ್ ಮಾಡಿದ್ವಿ, ಅಲ್ಲಿ ಬಂತು."

ಎರಡನೇದು, ಅಕ್ಕನ ಹಿತ್ತಲಲ್ಲಿ:

"ಇದು ನಮ್ಮ ಮನಿ ಹಿಂದಿನ ಬಚ್ಚಲು ಗುಂಡಿ. ಮೊದಲು ಈ ನೀರು ರಸ್ತಾಕ್ಕ ಬರ್ತಿತ್ತು. ಮಂದಿ ನನಗ ಬೈತಿದ್ರು, ಬೈದದ್ದು ಖರೇನೇ ಇತ್ತು. ಗುಂಡಿ ತೋಡೋರು ಒಂದು ಮಾತು ಕೇಳ್ರಿ. ಎರಿ ಮಣ್ಣಾಗ ನಿಲ್ಲಿಸಬ್ಯಾಡ್ರಿ, ಮುರಂ ಹತ್ತೋ ತನಕ ತೋಡ್ರಿ. ಕಲ್ಲು ತುಂಬೋ ಮುಂಚೆ ಎರಡು ದಿನ ನೀರು ಹಾಕಿ ನೋಡ್ರಿ. ಎರಡನೇ ದಿನದ ನೀರು ಸಂಜೀತನಕ ಇಂಗಿದ್ರ ಗುಂಡಿ ಛಲೋ. ಇಂಗಲಿಲ್ಲಂದ್ರ ಮುಚ್ಚಿಬಿಡ್ರಿ, ಆ ನೀರು ನುಗ್ಗಿ ಗಿಡಕ್ಕ ಬಿಡ್ರಿ. ಬೋರಿನ ಹತ್ರ ಗುಂಡಿ ಬ್ಯಾಡ. ಕಕ್ಕಸಿನ ನೀರು ಇದ್ರಾಗ ಬಿಡಬ್ಯಾಡ್ರಿ. ಗುಂಡಿ ತೋಡಿದ್ರ ನಾಳೆ ಬೋರ್ ತುಂಬಿ ಬರ್ತದ ಅಂತ ನಾ ಹೇಳಂಗಿಲ್ಲ. ರಸ್ತಾದಾಗಿನ ರಾಡಿ ಹೋಗ್ತದ, ಸೊಳ್ಳಿ ಕಮ್ಮಿ ಆಗ್ತಾವ. ಅಷ್ಟು ನಾ ಹೇಳ್ತೀನಿ."

ಮೂರನೇದು, ಅಕ್ಕನ ಮನೆ ಬಾಗಿಲಲ್ಲಿ:

"ಸಾರ್ವಜನಿಕ ನಳಕ್ಕ ಟ್ಯಾಪ್ ಹಾಕೋದು ಪಂಚಾಯ್ತಿ ಕೆಲಸ, ಮೀಟಿಂಗ್‌ದಾಗ ಠರಾವು ಆಗ್ಯದ. ನಿಮ್ಮ ಮನಿ ನಳಕ್ಕ ನೀವೇ ಹಾಕ್ಕೋಬೇಕು. ಯಾವ ನಳ ಸೋರ್ತದ, ವಾಟರ್‌ಮನ್‌ಗ ಹೇಳ್ರಿ, ಇಲ್ಲ ನಮ್ಮ ಮನೀಗೆ ಬಂದು ಹೇಳ್ರಿ. ಗುಂಡಿ ತೋಡೋರು ಪಂಚಾಯ್ತ್ಯಾಗ ಹೆಸರು ಬರಸ್ರಿ. ಮಿರಗ ಮಳಿ ಬರೋದ್ರೊಳಗ ಎರಡೂ ಮುಗಿಸೋಣು. ನಾ ಓಣಿ ಓಣಿ ಬರ್ತೀನಿ, ಬಾಟ್ಲಿ ನನ್ನ ಕೈಯಾಗ ಇರ್ತದ."

ಬೋರ್ ತುಂಬಲ್ಲ ಅನ್ನೋ ಸಾಲನ್ನು ತೆಗೆಯಬೇಕು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ, ಅಕ್ಕನೂ ಒಪ್ಪಲಿಲ್ಲ. ಒಂದು ಮನೆಯ ಬಚ್ಚಲು ನೀರು ಎಷ್ಟು ಅಂತ ಎಲ್ಲರಿಗೂ ಗೊತ್ತು. ಅದರಿಂದ ಇನ್ನೂರು ಮುನ್ನೂರು ಅಡಿ ಆಳದ ಬೋರ್ ತುಂಬುತ್ತೆ ಅಂದರೆ ಮೊದಲು ಹೇಳಿದ ಬಾಟಲಿಯ ಲೆಕ್ಕವನ್ನೂ ಯಾರೂ ನಂಬಲ್ಲ.

ಠರಾವಿನ ಸಾಲಿಗೂ ಒಂದು ಕಥೆ ಇದೆ. "ಎಲ್ಲರ ಮನೆಗೂ ಪಂಚಾಯ್ತಿಯಿಂದ ಟ್ಯಾಪ್ ಕೊಡ್ತೀವಿ" ಅಂತ ಹೇಳಬೇಕು ಅನ್ನೋದು ಅಕ್ಕನ ಆಸೆ. ಪಿಡಿಒ ಅವರನ್ನು ಕೇಳಿದೆವು. ಒಬ್ಬ ಮೆಂಬರ್ ತಾನಾಗಿ ದುಡ್ಡಿನ ಮಾತು ಕೊಡೋಕೆ ಬರಲ್ಲ, ಮೀಟಿಂಗ್‌ನಲ್ಲಿ ಒಪ್ಪಿಗೆ ಆಗಬೇಕು ಅಂದರು. ಅಕ್ಕ ವಿಷಯವನ್ನು ಮೀಟಿಂಗ್‌ಗೆ ತಂದರು, ಸಾರ್ವಜನಿಕ ನಳದ ಮಟ್ಟಿಗೆ ಒಪ್ಪಿಗೆ ಸಿಕ್ಕಿತು. ಅದಾದ ಮೇಲೆಯೇ ಆ ಸಾಲು ಹೇಳಿದ್ದು. ಗುಂಡಿಗೆ ಉದ್ಯೋಗ ಖಾತ್ರಿಯಲ್ಲಿ ಇಷ್ಟು ರೂಪಾಯಿ ಬರುತ್ತೆ ಅಂತಲೂ ಹಾಕಲಿಲ್ಲ. ನಿಯಮ ಮತ್ತು ಮೊತ್ತ ಬದಲಾಗುತ್ತಾ ಇರುತ್ತೆ, ವಿಡಿಯೋ ಮಾತ್ರ ಮೊಬೈಲ್‌ನಿಂದ ಮೊಬೈಲ್‌ಗೆ ವರ್ಷಗಟ್ಟಲೆ ಓಡಾಡುತ್ತೆ. ಅದಕ್ಕೇ ಹೆಸರು ಬರಸ್ರಿ ಅಂತ ಅಷ್ಟೇ. ನಮ್ಮಲ್ಲಿ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ, ಹಾಗಾಗಿ ಹಿಂದೆ ಬಾವುಟ, ಶಾಲು, ನಾಯಕರ ಫೋಟೋ ಯಾವುದೂ ಕಾಣಬಾರದು ಅಂತ ನೋಡಿಕೊಂಡೆವು.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದೇ ಕಷ್ಟ, ನೀರು ಸುರಿಯುವಾಗಲೇ ತೆಗೆಯಬೇಕು, ಆದರೆ ನೀರಿನ ಸದ್ದಿಗೆ ಮಾತು ಕೇಳಿಸಲ್ಲ. ಅಕ್ಕನನ್ನು ನಳದಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿಸಿ, ಇಯರ್‌ಫೋನಿನ ಮೈಕನ್ನು ಸೆರಗಿನ ಒಳಗೆ ಸಿಕ್ಕಿಸಿ ಮಾತು ತೆಗೆದೆವು. ಬಾಟಲಿ ತುಂಬೋದನ್ನು ಬೇರೆಯಾಗಿ ಹತ್ತಿರದಿಂದ ತೆಗೆದು ಆಮೇಲೆ ಸೇರಿಸಿದೆ. ಆ ಹತ್ತು ಸೆಕೆಂಡನ್ನು ಕತ್ತರಿಸಲಿಲ್ಲ, ವೇಗ ಮಾಡಲಿಲ್ಲ. ನೋಡುವವರು ತಾವೇ ಎಣಿಸಲಿ ಅಂತ. ಹಾಳೆ ನೋಡಿ ಓದಿದರೆ ಕಣ್ಣು ಕೆಳಗೇ ಇರುತ್ತಿತ್ತು. ಅದಕ್ಕೆ ಹಾಳೆ ಕಿತ್ತುಕೊಂಡು, ಇಪ್ಪತ್ನಾಲ್ಕು, ಹನ್ನೆರಡು, ಏಳೂವರೆ ಈ ಮೂರು ಅಂಕಿ ತಪ್ಪಬಾರದು, ಉಳಿದದ್ದು ನಿಮಗೆ ಬಂದ ಹಾಗೆ ಹೇಳ್ರಿ ಅಂದೆ. ಹಾಗೆ ಹೇಳಿದ್ದೇ ಚೆನ್ನಾಗಿ ಬಂತು. ತಾಂಡಾದ ಒಬ್ಬ ಹುಡುಗಿ ಕೊನೆಯಲ್ಲಿ ಇದೇ ಮಾತನ್ನು ಲಂಬಾಣಿಯಲ್ಲಿ ಹೇಳಿದಳು, ಅಲ್ಲಿಯ ಅಜ್ಜಿಯರಿಗೆ ಕನ್ನಡಕ್ಕಿಂತ ಅದು ಸಲೀಸು.

ಗ್ರೂಪಿಗೆ ಹಾಕಿದ ಸಂಜೆಯೇ ಕೇಳಿದ್ದು ಒಂದೇ ಪ್ರಶ್ನೆ. ನೀರು ಬಿಡುವ ತಾಸಿನಲ್ಲಿ ಟ್ಯಾಪ್ ಬಂದ್ ಮಾಡಿದರೆ, ನಾನು ಹೊಲಕ್ಕೆ ಹೋದಾಗ ನನ್ನ ಬ್ಯಾರಲ್ ಯಾರು ತುಂಬಬೇಕು ಅಂತ. ಇದು ನಿಜವಾದ ತೊಂದರೆ. ಬಹಳ ಮನೆಯವರು ಪೈಪನ್ನು ಬ್ಯಾರಲಿಗೆ ಬಿಟ್ಟು ಹೊಲಕ್ಕೆ ಹೋಗುತ್ತಾರೆ, ತುಂಬಿದ ಮೇಲೂ ಹರಿಯುತ್ತಾ ಇರುತ್ತೆ. ಬೀದರ್ ಕಡೆಯ ಒಬ್ಬ ಪ್ಲಂಬರ್ ಬ್ಯಾರಲಿಗೆ ತೇಲುವ ಬಾಲ್ ವಾಲ್ವ್ ಹಾಕಿಕೊಳ್ಳಿ ಅಂದರು. ತುಂಬಿದ ಕೂಡಲೇ ಬಾಲ್ ಮೇಲೆ ಬಂದು ನೀರು ತಾನೇ ನಿಲ್ಲುತ್ತೆ. ಅಕ್ಕ ತಮ್ಮ ಬ್ಯಾರಲಿಗೆ ಒಂದು ಹಾಕಿಸಿದರು. ಅದು ಮುಚ್ಚಿಕೊಳ್ಳೋದನ್ನು ಇನ್ನೊಂದು ಸಣ್ಣ ವಿಡಿಯೋ ಮಾಡಿ, ಪ್ರಶ್ನೆ ಕೇಳಿದವರ ಹೆಸರು ಹೇಳದೇ, "ಹೊಲಕ್ಕ ಹೋಗೋರಿಗೆ" ಅಂತ ಅದೇ ಗ್ರೂಪಿಗೆ ಹಾಕಿದೆವು.